ಆರತಕ್ಷತೆಯ ಫೋಟೊದಲ್ಲಿ ಮೇಕಪ್ ಇಳಿಸಿ ಮುಖವನ್ನು ಮರಳಿ ತರುವುದು ಹೇಗೆ?

ಪ್ರಶ್ನೆ: ನನ್ನ ಮದುವೆಯ ಆರತಕ್ಷತೆಯ ಒಂದು ಫೋಟೊವನ್ನು ದೊಡ್ಡದಾಗಿ ಮಾಡಿಸಿ ತವರಿನ ಹಜಾರದಲ್ಲಿ ಹಾಕಬೇಕೆಂದಿದ್ದೇನೆ. ನಗು, ಸೀರೆ, ಬೆಳಕು ಎಲ್ಲವೂ ಚೆನ್ನಾಗಿವೆ. ಆದರೆ ಮೇಕಪ್ ಎಷ್ಟು ದಪ್ಪವಾಗಿದೆ ಎಂದರೆ ‘ಇದು ಯಾರ ಮನೆಯ ಹುಡುಗಿ’ ಎಂದು ಅಮ್ಮನೇ ಕೇಳಿದರು. ಬೂದು ಲೆನ್ಸ್, ಕೃತಕ ರೆಪ್ಪೆ, ಗಾಢ ಮರೂನ್ ಲಿಪ್‌ಸ್ಟಿಕ್ ಎಲ್ಲ ಇವೆ. ಫೋಟೊಶಾಪ್ ಅಲ್ಪಸ್ವಲ್ಪ ಬರುತ್ತದೆ. ಲಿಪ್‌ಸ್ಟಿಕ್‌ನ ಬಣ್ಣ ಇಳಿಸಿದರೆ ತುಟಿ ಹೆಣದ ತುಟಿಯಂತಾಯಿತು. ಚರ್ಮಕ್ಕೆ ರಂಧ್ರ ಬರಲೆಂದು ನಾಯ್ಸ್ ಸೇರಿಸಿದರೆ ಮರಳು ಎರಚಿದಂತಾಯಿತು. ಮೇಕಪ್ ಇಲ್ಲದ ನನ್ನ ಮುಖ ಈ ಚಿತ್ರದಲ್ಲಿ ಮರಳಿ ಸಿಗುತ್ತದೆಯೇ? ಮೂಲ ಫೈಲನ್ನೂ ಅದೇ ತಿಂಗಳ ಬಳೆ ಶಾಸ್ತ್ರದ ಮತ್ತು ಅರಿಶಿನ ಶಾಸ್ತ್ರದ ಕೆಲವು ಚಿತ್ರಗಳನ್ನೂ ಕಳಿಸಿದ್ದೇನೆ.

ಉತ್ತರ: ಫೌಂಡೇಶನ್ನಿನ ಅಡಿಯಲ್ಲಿದ್ದ ಚರ್ಮ ನಿಮ್ಮ ಫೈಲಿನಲ್ಲಿ ಇಲ್ಲ. ಕ್ಯಾಮೆರಾಕ್ಕೆ ತಲುಪಿದ್ದು ಮೇಲಿನ ಬಣ್ಣದ ಪದರದಿಂದ ಹೊರಟ ಬೆಳಕು ಮಾತ್ರ. ಆದ್ದರಿಂದ ‘ಮೇಕಪ್ ತೆಗೆಯುವುದು’ ಎಂದು ನಾವು ಕರೆಯುವ ಕೆಲಸದಲ್ಲಿ ನಿಜಕ್ಕೂ ತೆಗೆಯುವುದು ಕಡಿಮೆ. ಬಣ್ಣವನ್ನು ಲೆಕ್ಕ ಹಾಕಿ ಹಿಂದಕ್ಕೆ ತಿರುಗಿಸಬಹುದು, ಅದು ಬಹುಮಟ್ಟಿಗೆ ಈ ಚಿತ್ರದಿಂದಲೇ ಆಗುತ್ತದೆ. ರಂಧ್ರ, ಗೆರೆ, ಸಣ್ಣ ಮಚ್ಚೆಗಳನ್ನು ಮಾತ್ರ ನಿಮ್ಮದೇ ಇನ್ನೊಂದು ಚಿತ್ರದಿಂದ ತರಬೇಕು. ನಿಮ್ಮ ಬಳಿ ಹೆಚ್ಚೂಕಡಿಮೆ ಮೇಕಪ್ ಇಲ್ಲದ ಬಳೆ ಶಾಸ್ತ್ರದ ಚಿತ್ರಗಳಿವೆ. ಅವು ಇರದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಎರಡು ತಪ್ಪು ನಂಬಿಕೆಗಳನ್ನು ಮೊದಲೇ ಬದಿಗಿಡೋಣ. ಮುಖವನ್ನು ನುಣುಪು ಮಾಡಿದರೆ ಸಹಜವಾಗುತ್ತದೆ ಎಂಬುದು ಒಂದು. ನುಣುಪು ಮಾಡುವುದೆಂದರೆ ಉಳಿದಿರುವ ಅಷ್ಟಿಷ್ಟು ವಿವರವನ್ನೂ ಅಳಿಸಿ, ಮೇಕಪ್ಪಿನ ಮೇಲೆ ಇನ್ನೊಂದು ಮೇಕಪ್ ಬಳಿಯುವುದು. ಎರಡನೆಯದು, Texture ಅಥವಾ Clarity ಹೆಚ್ಚಿಸಿದರೆ ರಂಧ್ರಗಳು ಎದ್ದು ಬರುತ್ತವೆ ಎಂಬುದು. ಅದರಿಂದ ಎದ್ದು ಬರುವುದು ಪೌಡರಿನ ಕಣಗಳು, ನಗುವಿನ ಗೆರೆಯಲ್ಲಿ ಒಡೆದ ಫೌಂಡೇಶನ್ ಮತ್ತು ಕೆನ್ನೆಯ ನವಿರು ಕೂದಲಿಗೆ ಅಂಟಿದ ಪುಡಿ.

ಕೆಲಸಕ್ಕೆ ಕೈಹಾಕುವ ಮುಂಚೆ ಅಳತೆ ನೋಡಿಕೊಳ್ಳಿ. ನಿಮ್ಮ ಚಿತ್ರದಲ್ಲಿ ಮುಖದ ಅಗಲ ಸುಮಾರು 1500 ಪಿಕ್ಸೆಲ್. ಮನುಷ್ಯರ ಮುಖ ಹೆಚ್ಚೂಕಡಿಮೆ 14 ಸೆಂಟಿಮೀಟರ್ ಅಗಲ ಎಂದುಕೊಂಡರೆ, ಒಂದು ಮಿಲಿಮೀಟರಿಗೆ ಹತ್ತು ಪಿಕ್ಸೆಲ್ ಸಿಕ್ಕಂತಾಯಿತು. ಕಾಲು ಮಿಲಿಮೀಟರ್ ಆಸುಪಾಸಿನ ರಂಧ್ರಕ್ಕೆ ಎರಡು ಮೂರು ಪಿಕ್ಸೆಲ್ ದಕ್ಕುತ್ತದೆ, ಅಂದರೆ ಕೆಲಸಕ್ಕೆ ಅರ್ಥವಿದೆ. ಅದೇ ಮುಖ 400 ಪಿಕ್ಸೆಲ್ ಇದ್ದಿದ್ದರೆ ಬರಿ ಮುಖದಲ್ಲೂ ರಂಧ್ರ ಕಾಣುತ್ತಿರಲಿಲ್ಲ. ಅಲ್ಲಿ ಬಣ್ಣ ಸರಿಪಡಿಸಿ ಸುಮ್ಮನಾಗುವುದೇ ಜಾಣತನ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ ಪ್ರತಿಯಲ್ಲಿ ಇದೇ ತೊಂದರೆ. ಕುಗ್ಗಿಸುವಾಗ ಮೊದಲು ಬಲಿಯಾಗುವುದು ಇಂಥ ಸೂಕ್ಷ್ಮ ವಿವರವೇ. ಫೋಟೊಗ್ರಾಫರ್ ಬಳಿ RAW ಫೈಲ್, ಎಂದರೆ ಕ್ಯಾಮೆರಾ ಹಿಡಿದ ಕಚ್ಚಾ ಚಿತ್ರ, ಉಳಿದಿದ್ದರೆ ಕೇಳಿ ಪಡೆಯಿರಿ. ಆಲ್ಬಮ್ ಕೊಟ್ಟ ಮೇಲೆ ಅನೇಕರು ಅದನ್ನು ಅಳಿಸಿಬಿಡುತ್ತಾರೆ, ಹಾಗಾಗಿ ತಡಮಾಡಬೇಡಿ.

ಈಗ ಬಣ್ಣ. ನಿಮ್ಮ ಮುಖ ಈ ಚಿತ್ರದಲ್ಲಿ ಎರಡು ಕಾರಣಕ್ಕೆ ಬಿಳಿಚಿಕೊಂಡಿದೆ. ಫೌಂಡೇಶನ್ನೇ ನಿಮ್ಮ ಮೈಬಣ್ಣಕ್ಕಿಂತ ತಿಳಿಯಾದದ್ದು. ಅದರ ಜೊತೆಗೆ ಪೌಡರಿನಲ್ಲಿರುವ ಸಿಲಿಕಾ, ಟೈಟಾನಿಯಂ ಡೈಆಕ್ಸೈಡ್‌ನಂಥ ವಸ್ತುಗಳು ಫ್ಲ್ಯಾಶ್ ಬೆಳಕನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತವೆ. ಮಂಟಪದಲ್ಲಿ ಕಣ್ಣಿಗೆ ಸರಿಯಾಗಿ ಕಂಡ ಮುಖ ಫೋಟೊದಲ್ಲಿ ಬೂದಿ ಬಳಿದಂತೆ ಕಾಣುವುದು ಇದರಿಂದಲೇ. ನಿಜವಾದ ಬಣ್ಣ ಯಾವುದೆಂದು ತಿಳಿಯಲು ಮೇಕಪ್ ಮುಟ್ಟದ ಜಾಗ ಬೇಕು. ವಧುವಿನ ವಿಷಯದಲ್ಲಿ ಇದು ಹುಡುಕಾಟವೇ: ಕುತ್ತಿಗೆಗೂ ಬಳಿದಿರುತ್ತಾರೆ, ಅಂಗೈ ಮುಂಗೈಗೆ ಮೆಹಂದಿ. ನಿಮ್ಮ ಚಿತ್ರದಲ್ಲಿ ಮೊಣಕೈಯ ಬಳಿ, ಬಳೆಗಳು ಮುಗಿದು ರವಿಕೆಯ ತೋಳು ಶುರುವಾಗುವ ಮುನ್ನ, ಒಂದಿಷ್ಟು ಬರಿ ಚರ್ಮವಿದೆ. ಅರಿಶಿನ ಶಾಸ್ತ್ರದ ಚಿತ್ರವನ್ನಂತೂ ಬಣ್ಣದ ಮಾದರಿಯಾಗಿ ಬಳಸಬೇಡಿ. ಮೇಕಪ್ ಇಲ್ಲ ಎಂಬ ಕಾರಣಕ್ಕೆ ಹಲವರು ಅದನ್ನೇ ಆರಿಸುತ್ತಾರೆ, ಆಮೇಲೆ ಮುಖ ಕಾಮಾಲೆ ಹಿಡಿದಂತೆ ಏಕೆ ಕಾಣುತ್ತಿದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ನಾನು ಅಳೆದಾಗ ನಿಮ್ಮ ಕೆನ್ನೆಯ ಬಣ್ಣ ಕೆಂಪು 226, ಹಸಿರು 184, ನೀಲಿ 160 ಇತ್ತು. ತೋಳಿನದು 178, 130, 104. ಇಲ್ಲಿ ತೋಳಿನ ಸಂಖ್ಯೆಗಳನ್ನೇ ಕೆನ್ನೆಗೆ ಅಂಟಿಸುವುದು ತಪ್ಪು, ಏಕೆಂದರೆ ತೋಳಿಗೆ ಬಿದ್ದ ಬೆಳಕೇ ಕಡಿಮೆ. ನೋಡಬೇಕಾದದ್ದು ಅನುಪಾತವನ್ನು. ತೋಳಿನಲ್ಲಿ ಹಸಿರು ಕೆಂಪಿನ ಶೇಕಡಾ 73ರಷ್ಟು, ನೀಲಿ 58ರಷ್ಟು. ಕೆನ್ನೆಯಲ್ಲಿ ಅವು 81 ಮತ್ತು 71. ಅಂದರೆ ಮುಖ ತಿಳಿಯಾಗಿರುವುದಷ್ಟೇ ಅಲ್ಲ, ಚರ್ಮದ ಹೊನ್ನಗೆಂಪು ಸೋರಿಹೋಗಿದೆ. ಕೆನ್ನೆಯನ್ನು 198, 147, 117ರ ಸುತ್ತ ತಂದರೆ ಅನುಪಾತ ತೋಳಿಗೆ ಹೊಂದುತ್ತದೆ, ಮುಖಕ್ಕೆ ಬಿದ್ದ ಹೆಚ್ಚಿನ ಬೆಳಕೂ ಉಳಿಯುತ್ತದೆ. ಇದಕ್ಕೆ ಒಂದು ಗೆರೆಯನ್ನು ಬಗ್ಗಿಸಿ ಬಣ್ಣ, ಬೆಳಕನ್ನು ಏರಿಳಿಸುವ Curves ಲೇಯರ್ ಸಾಕು. ಮೂರೂ ಚಾನೆಲ್‌ಗಳಲ್ಲಿ ಒಂದೊಂದು ಬಿಂದು ಇಟ್ಟು ಕೆಂಪನ್ನು 226ರಿಂದ 198ಕ್ಕೆ, ಹಸಿರನ್ನು 184ರಿಂದ 147ಕ್ಕೆ, ನೀಲಿಯನ್ನು 160ರಿಂದ 117ಕ್ಕೆ ಇಳಿಸಿ. ಗೆರೆಯ ಎರಡು ತುದಿಗಳು, ಅಂದರೆ 0 ಮತ್ತು 255, ಇದ್ದಲ್ಲೇ ಇರಲಿ. ಇಲ್ಲದಿದ್ದರೆ ಮೂಗಿನ ತುದಿಯ ಹೊಳಪೂ ಮಾಸುತ್ತದೆ. ಮಾಸ್ಕ್ ಹಾಕಿ ಚರ್ಮಕ್ಕೆ ಮಾತ್ರ ತಗಲುವಂತೆ ನೋಡಿಕೊಳ್ಳಿ. ಮುಖದ ಬಣ್ಣ ಕುತ್ತಿಗೆಗೆ ದವಡೆಯಂಚಿನಲ್ಲಿ ಕೂಡಬೇಕು, ಆದ್ದರಿಂದ ಕುತ್ತಿಗೆಗೂ ಇದೇ ಬೇಕಾಗುತ್ತದೆ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ.

ಇಷ್ಟಾದ ಮೇಲೆ ಮುಖ ಒಂದೆರಡು ಛಾಯೆ ಕಪ್ಪಾಗಿ ಕಾಣುತ್ತದೆ. ಮನೆಯಲ್ಲಿ ಯಾರಾದರೂ ‘ಇಷ್ಟೊಂದು ಏಕೆ ಇಳಿಸಿದೆ’ ಎಂದೇ ಎನ್ನುತ್ತಾರೆ. ಅದು ನಿಮ್ಮ ಬಣ್ಣ, ಬರಿ ಮುಖ ಬೇಕೆಂದವರು ನೀವು. ಬಣ್ಣವನ್ನು ತಿಳಿಯಾಗಿಯೇ ಬಿಟ್ಟು ರಂಧ್ರಗಳನ್ನು ಮಾತ್ರ ತಂದರೆ ಸುಣ್ಣ ಹೊಡೆದ ಗೋಡೆಯ ಒರಟು ಕಾಣುತ್ತದೆಯೇ ಹೊರತು ಚರ್ಮ ಕಾಣುವುದಿಲ್ಲ.

ಇನ್ನು ಕಾಂಟೂರ್, ಎಂದರೆ ಮೂಗನ್ನು ಸಣ್ಣದಾಗಿಸಲು ಮತ್ತು ಕೆನ್ನೆಮೂಳೆ ಎತ್ತಿ ತೋರಿಸಲು ಬಳಿದ ಕಂದು ಪಟ್ಟೆಗಳು. ಇಲ್ಲಿ ನಿಜವಾದ ನೆರಳು ಯಾವುದು, ಬಳಿದ ನೆರಳು ಯಾವುದು ಎಂಬುದನ್ನು ಬೇರ್ಪಡಿಸಬೇಕು. ನಿಮ್ಮ ಚಿತ್ರದಲ್ಲಿ ಬೆಳಕು ಬಲದಿಂದ ಬರುತ್ತಿದೆ. ಹಾಗಿದ್ದ ಮೇಲೆ ಮೂಗಿನ ಬಲಬದಿ ಕಪ್ಪಾಗಿರಲು ಸಾಧ್ಯವಿಲ್ಲ. ಅಲ್ಲಿರುವ ಕಂದು ಗೆರೆ ಪೂರ್ತಿ ಬಣ್ಣ, ಪೂರ್ತಿ ಅಳಿಸಬಹುದು. ಎಡಬದಿಯಲ್ಲಿ ಎರಡೂ ಸೇರಿವೆ. ಅಲ್ಲಿ ಅರ್ಧದಷ್ಟು ತಿಳಿಗೊಳಿಸಿ ನಿಲ್ಲಿಸಿ. ಪೂರ್ತಿ ತೆಗೆದರೆ ಮೂಗು ಚಪ್ಪಟೆಯಾಗುತ್ತದೆ.

ರಂಧ್ರಗಳ ಕೆಲಸಕ್ಕೆ ಚಿತ್ರವನ್ನು ಎರಡು ಪದರಗಳಾಗಿ ಒಡೆಯುತ್ತೇವೆ: ಕೆಳಗೆ ಬಣ್ಣ ಮತ್ತು ನೆರಳು, ಮೇಲೆ ಸೂಕ್ಷ್ಮ ವಿವರ. ಚಿತ್ರದ ಲೇಯರನ್ನು ಎರಡು ಸಲ ನಕಲು ಮಾಡಿ. ಕೆಳಗಿನ ನಕಲಿಗೆ Gaussian Blur ಕೊಡಿ. ರಂಧ್ರಗಳು ಇನ್ನೇನು ಕಾಣುವುದಿಲ್ಲ ಎನ್ನುವಲ್ಲಿ ನಿಲ್ಲಿಸಿ, ನಿಮ್ಮ ಅಳತೆಗೆ 6 ಪಿಕ್ಸೆಲ್ ಸಾಕಾಯಿತು. ಮೇಲಿನ ನಕಲನ್ನು ಆರಿಸಿ Apply Image ತೆರೆಯಿರಿ, Layer ಎಂಬಲ್ಲಿ ಕೆಳಗಿನ ನಕಲನ್ನು ತೋರಿಸಿ. ಫೈಲು 8 ಬಿಟ್ ಆಗಿದ್ದರೆ Subtract, Scale 2, Offset 128. 16 ಬಿಟ್ ಆಗಿದ್ದರೆ Add, Invert ಗುರುತು, Scale 2, Offset 0. ಕೊನೆಗೆ ಈ ಮೇಲಿನ ಲೇಯರಿನ ಬ್ಲೆಂಡ್ ಮೋಡನ್ನು, ಎಂದರೆ ಅದು ಕೆಳಗಿನ ಲೇಯರಿನೊಂದಿಗೆ ಬೆರೆಯುವ ಬಗೆಯನ್ನು, Linear Light ಮಾಡಿ. ಎರಡನ್ನೂ ಒಟ್ಟಿಗೆ ನೋಡಿದಾಗ ಮೂಲ ಚಿತ್ರಕ್ಕೂ ಇದಕ್ಕೂ ವ್ಯತ್ಯಾಸ ಕಾಣಬಾರದು. ಕಂಡರೆ ಸಂಖ್ಯೆಯೊಂದು ತಪ್ಪಿದೆ. ಮೇಲೆ ಹೇಳಿದ Curves ಮತ್ತು ಕಾಂಟೂರಿನ ತಿದ್ದುಪಡಿ ಈ ಎರಡರ ನಡುವೆ ಬರಲಿ. ಅದನ್ನು ಎಲ್ಲಕ್ಕಿಂತ ಮೇಲಿಟ್ಟರೆ ಬಣ್ಣದ ಜೊತೆ ಪೌಡರಿನ ಒರಟೂ ಬದಲಾಗಿ ಲೆಕ್ಕ ತಪ್ಪುತ್ತದೆ.

ಬಳೆ ಶಾಸ್ತ್ರದ ಚಿತ್ರವನ್ನೂ ಹೀಗೆಯೇ ಒಡೆದು, ಅದರ ಸೂಕ್ಷ್ಮ ವಿವರದ ಪದರವನ್ನು ಮಾತ್ರ ಆರತಕ್ಷತೆಯ ಚಿತ್ರಕ್ಕೆ ತನ್ನಿ. ಅದನ್ನೂ Linear Light ಮಾಡಿ. ಗಾತ್ರ ಹೊಂದಿಸಲು ಎರಡು ಕಣ್ಣುಗೊಂಬೆಗಳ ನಡುವಿನ ದೂರ ಅಳೆಯಿರಿ: ಆರತಕ್ಷತೆಯಲ್ಲಿ 660 ಪಿಕ್ಸೆಲ್, ಬಳೆ ಶಾಸ್ತ್ರದಲ್ಲಿ 825. ಆದ್ದರಿಂದ ತಂದ ಪದರವನ್ನು ಶೇಕಡಾ 80ಕ್ಕೆ ಕುಗ್ಗಿಸಬೇಕು. ಎರಡೂ ಚಿತ್ರಗಳಲ್ಲಿ ಮುಖ ಒಂದೇ ಕಡೆಗೆ ತಿರುಗಿರುವುದರಿಂದ ಈ ಅಳತೆ ನಡೆಯುತ್ತದೆ. ತಂದ ಪದರಕ್ಕೆ ಕಪ್ಪು ಮಾಸ್ಕ್ ಹಾಕಿ, ಬೇಕಾದಲ್ಲಿ ಬಿಳಿ ಬ್ರಷ್ಷಿನಿಂದ ಸ್ವಲ್ಪಸ್ವಲ್ಪವೇ ತೆರೆಯಿರಿ. ತೆರೆಯುವ ಮುಂಚೆ ಅದೇ ಜಾಗದ ಹಳೆಯ ಪೌಡರ್ ಒರಟನ್ನು ಅಳಿಸಬೇಕು. ಮೂಲ ಸೂಕ್ಷ್ಮ ಪದರದ ಮೇಲೆ ನಡುಬೂದು ಬಣ್ಣವನ್ನು, ಮೂರೂ ಚಾನೆಲ್‌ನಲ್ಲಿ 128, ಬಳಿದರೆ ಅಲ್ಲಿ ವಿವರವೇ ಇಲ್ಲವೆಂದು ಲೆಕ್ಕ. ಈ ಹೆಜ್ಜೆ ಬಿಟ್ಟರೆ ಪೌಡರಿನ ಕಣವೂ ರಂಧ್ರವೂ ಒಂದರ ಮೇಲೊಂದು ಕೂತು ಚರ್ಮ ಕುರುಕುರು ಎನಿಸುತ್ತದೆ.

ಬೆಳಕಿನ ದಿಕ್ಕಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ರಂಧ್ರವೆಂದರೆ ಪುಟ್ಟ ಗುಳಿ. ಬೆಳಕು ಬಲದಿಂದ ಬಂದಾಗ ಗುಳಿಯ ಬಲಗೋಡೆ ನೆರಳಿನಲ್ಲಿರುತ್ತದೆ, ಎಡಗೋಡೆ ಬೆಳಗುತ್ತದೆ. ಎಡಗೆನ್ನೆಯ ವಿವರ ಚೆನ್ನಾಗಿದೆಯೆಂದು ಅದನ್ನು ಕನ್ನಡಿಯಂತೆ ತಿರುಗಿಸಿ ಬಲಗೆನ್ನೆಗೆ ಹಾಕಿದರೆ ನೆರಳು ಅದಲುಬದಲಾಗುತ್ತದೆ. ಆಗ ಕಣ್ಣು ಅದನ್ನು ಗುಳಿ ಎಂದು ಓದುವುದಿಲ್ಲ, ಗುಳ್ಳೆ ಎಂದು ಓದುತ್ತದೆ. ಕೆನ್ನೆಯ ತುಂಬ ಬೆವರುಸಾಲೆ ಎದ್ದಂತಿರುತ್ತದೆ, ತಪ್ಪು ಎಲ್ಲಿದೆಯೆಂದು ತೋಚುವುದಿಲ್ಲ. ನೀವು ಕಳಿಸಿದ ಬಳೆ ಶಾಸ್ತ್ರದ ಚಿತ್ರಗಳಲ್ಲಿ ಕಿಟಕಿ ಬಲಕ್ಕಿರುವ ಚಿತ್ರ ಒಂದೇ, ಎರಡನೆಯದು. ಮಿಕ್ಕವು ಇನ್ನೂ ಸ್ಪಷ್ಟವಾಗಿದ್ದರೂ ಅವನ್ನು ಮುಟ್ಟಬೇಡಿ.

ನಾಯ್ಸ್ ಸೇರಿಸಿದಾಗ ಮರಳಾದದ್ದಕ್ಕೂ ಇದೇ ಮೂಲ. ನಾಯ್ಸಿಗೆ ದಿಕ್ಕೂ ಇಲ್ಲ, ಜಾಗದ ಅರಿವೂ ಇಲ್ಲ. ಹಣೆ, ರೆಪ್ಪೆ, ತುಟಿ ಎನ್ನದೆ ಒಂದೇ ಸಮ ಬೀಳುತ್ತದೆ. ಚರ್ಮ ಹಾಗಿಲ್ಲ. ಮೂಗಿನ ಮೇಲೆ ಮತ್ತು ಮೂಗಿಗೆ ಹತ್ತಿದ ಕೆನ್ನೆಯಲ್ಲಿ ರಂಧ್ರ ದೊಡ್ಡವು, ಕಿವಿಯ ಕಡೆಗೆ ಹೋದಂತೆ ಸಣ್ಣವು. ಹಣೆಯಲ್ಲಿ ಅಡ್ಡ ಗೆರೆಗಳೇ ಹೆಚ್ಚು. ಕಣ್ಣ ರೆಪ್ಪೆ ಮತ್ತು ಕಣ್ಣಡಿಯಲ್ಲಿ ರಂಧ್ರ ಕಾಣುವುದೇ ಇಲ್ಲವೆನ್ನಬಹುದು, ಅಲ್ಲಿರುವುದು ತೆಳು ನೆರಿಗೆ. ಆದ್ದರಿಂದ ತಂದ ಪದರವನ್ನು ಮೂಗಿನ ಸುತ್ತ ಶೇಕಡಾ 60ರಿಂದ 70ರವರೆಗೆ ತೆರೆದು, ಕೆನ್ನೆಯಂಚಿಗೆ ಹೋದಂತೆ ಕಡಿಮೆ ಮಾಡಿ. ಕುಗ್ಗಿಸಿದ ವಿವರ ಮೂಲಕ್ಕಿಂತ ಹರಿತವಾಗುತ್ತದೆ ಎಂಬುದೂ ನೆನಪಿರಲಿ. ಹುಬ್ಬಿನ ಕೂದಲಿಗಿಂತ ರಂಧ್ರ ಹರಿತವಾಗಿ ಕಂಡರೆ ಅದು ಹೊರಗಿನಿಂದ ಬಂದದ್ದೆಂದು ಯಾರಿಗಾದರೂ ತಿಳಿಯುತ್ತದೆ. ಪರೀಕ್ಷೆ ಸುಲಭ: ಕೆಲಸ ಮಾಡುವುದು 100 ಶೇಕಡಾ ಗಾತ್ರದಲ್ಲಿ, ತೀರ್ಪು ಕೊಡುವುದು 33ರಲ್ಲಿ. ಚಿಕ್ಕದಾಗಿಸಿದಾಗಲೂ ರಂಧ್ರಗಳೇ ಕಣ್ಣಿಗೆ ಬೀಳುತ್ತಿದ್ದರೆ ಅತಿಯಾಗಿದೆ. ಗಲ್ಲದ ಮೇಲಿನ ನಿಮ್ಮ ಮಚ್ಚೆ ಫೌಂಡೇಶನ್ನಿನಲ್ಲಿ ಮುಚ್ಚಿಹೋಗಿದೆ, ಅದನ್ನು ಬಣ್ಣದ ಪದರದಲ್ಲಿ ಮರಳಿ ಇಡಿ. ನನ್ನ ಅನುಭವದಲ್ಲಿ ‘ಹಾಂ, ಇದು ನಮ್ಮ ಹುಡುಗಿ’ ಎಂದು ಮನೆಯವರು ಹೇಳುವುದು ನೂರು ರಂಧ್ರಗಳಿಗಿಂತ ಇಂಥ ಒಂದು ಮಚ್ಚೆಯಿಂದ. ಬಳೆ ಶಾಸ್ತ್ರದ ದಿನ ಇದ್ದ ಮೊಡವೆ ಬೇಕಿಲ್ಲ. ಅದು ಆ ವಾರದ ಅತಿಥಿ.

ತುಟಿಗೆ ಬರೋಣ. ಮರೂನ್ ಲಿಪ್‌ಸ್ಟಿಕ್ ಬಣ್ಣದಲ್ಲಿ ಗಾಢವಾಗಿರುವಷ್ಟೇ ಕಪ್ಪಿನಲ್ಲೂ ಗಾಢ. ನೀವು Saturation ಇಳಿಸಿದಾಗ ಕೆಂಪು ಹೋಯಿತು, ಕಪ್ಪು ಹಾಗೇ ಉಳಿಯಿತು. ಉಳಿದದ್ದು ಬೂದು ತುಟಿ. ಕ್ರಮ ತಿರುವುಮುರುವಾಗಬೇಕು. ಮೊದಲು Curves ಲೇಯರಿನಿಂದ ತುಟಿಯನ್ನು ತಿಳಿಗೊಳಿಸಿ, ಅದರ ಬ್ಲೆಂಡ್ ಮೋಡ್ Luminosity ಇರಲಿ. ಆಮೇಲೆ ಅದರ ಮೇಲೆ Color ಮೋಡಿನ ಖಾಲಿ ಲೇಯರ್ ಇಟ್ಟು, ಬಳೆ ಶಾಸ್ತ್ರದ ಚಿತ್ರದಿಂದ ಎತ್ತಿಕೊಂಡ ಬಣ್ಣ ಬಳಿಯಿರಿ. ಒಂದೇ ಬಣ್ಣ ಎತ್ತಿಕೊಳ್ಳಬೇಡಿ. ನಮ್ಮ ಕಡೆಯ ತುಟಿಗಳು ಅನೇಕ ವೇಳೆ ಎರಡು ಬಣ್ಣದವು: ಮೇಲ್ತುಟಿ ಮತ್ತು ಅಂಚು ಕಂದು, ಕೆಳತುಟಿಯ ನಡುಭಾಗ ಗುಲಾಬಿ. ನಿಮ್ಮದೂ ಹಾಗೆಯೇ. ಮೂರು ಜಾಗದಿಂದ ಮೂರು ಬಣ್ಣ ತೆಗೆದುಕೊಂಡು ಮೆತ್ತನೆಯ ಬ್ರಷ್ಷಿನಿಂದ ಒಂದರೊಳಗೊಂದು ಕರಗಿಸಿ. ಇಡೀ ತುಟಿಗೆ ಒಂದೇ ಗುಲಾಬಿ ಬಳಿದರೆ ಮರೂನ್ ಲಿಪ್‌ಸ್ಟಿಕ್ ತೆಗೆದು ಗುಲಾಬಿ ಲಿಪ್‌ಸ್ಟಿಕ್ ಹಚ್ಚಿದಂತಾಯಿತು, ಅಷ್ಟೆ.

ಲೈನರ್ ನಿಮ್ಮ ಮೇಲ್ತುಟಿಯ ಅಂಚನ್ನು ಸುಮಾರು ಒಂದು ಮಿಲಿಮೀಟರ್, ಎಂದರೆ ಹತ್ತು ಪಿಕ್ಸೆಲ್, ಮೇಲಕ್ಕೆ ಏರಿಸಿದೆ. ಅದನ್ನು ಬಿಟ್ಟರೆ ಬಣ್ಣ ಸರಿಯಾದರೂ ಬಾಯಿ ಬೇರೆಯವರದಾಗಿಯೇ ಉಳಿಯುತ್ತದೆ. ನಿಜವಾದ ಅಂಚಿನಲ್ಲಿ ಚರ್ಮದ ಸಣ್ಣ ಏರು ಇದ್ದು, ಅದು ಲಿಪ್‌ಸ್ಟಿಕ್ ಅಡಿಯಲ್ಲೂ ತೆಳು ಬೆಳಕಿನ ಗೆರೆಯಾಗಿ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ನಡುಭಾಗದಲ್ಲಿ ಅದು ಚೆನ್ನಾಗಿ ಸಿಗುತ್ತದೆ. ಅಲ್ಲಿಂದ ಮೇಲಿನದನ್ನು ಮೀಸೆಯ ಜಾಗದ ಚರ್ಮದಿಂದ ಮುಚ್ಚಿ. ತುಟಿಯ ಉದ್ದಗೆರೆಗಳು ಮಾತ್ರ ಪೂರ್ತಿ ಬರುವುದು ಅನುಮಾನ. ಕೆಂಪು ಚಾನೆಲ್ 255ಕ್ಕೆ ಮುಟ್ಟಿದ್ದರೆ ಆ ಗೆರೆಗಳು ಅಳಿದಿರುತ್ತವೆ. ನಿಮ್ಮದು ಗಾಢ ಬಣ್ಣವಾದ್ದರಿಂದ ಮುಟ್ಟಿಲ್ಲ. ಅಚ್ಚ ಕೆಂಪು ಲಿಪ್‌ಸ್ಟಿಕ್ ಹಚ್ಚಿದವರಿಗೆ RAW ಇದ್ದರೆ ಮಾತ್ರ ಆಸೆ.

ಕಣ್ಣಿನಲ್ಲಿ ನನ್ನ ಸಲಹೆ ಸ್ವಲ್ಪ ಹಿಡಿತದ್ದು. ಕೃತಕ ರೆಪ್ಪೆಗೂದಲನ್ನು ಪೂರ್ತಿ ತೆಗೆಯಲು ಹೋಗಬೇಡಿ. ಅದರ ಹಿಂದೆ ಮುಚ್ಚಿಹೋದ ಕಣ್ಣಿನ ಬಿಳಿ, ರೆಪ್ಪೆಯ ಮಡಿಕೆ, ಅದರ ನೆರಳು ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ದಿನಗಟ್ಟಲೆ ಕೂತರೂ ಕಣ್ಣು ಬೋಳಾಗಿ ಕಾಣುವ ಅಪಾಯವಿದೆ. ಹೊರತುದಿಯ ಉದ್ದನೆಯ ಎಳೆಗಳನ್ನು ಗಿಡ್ಡ ಮಾಡಿ, ಗೊಂಚಲುಗಳ ನಡುವೆ ಸಂದು ಬಿಡಿಸಿ, ಅಷ್ಟು ಸಾಕು. ಕಾಡಿಗೆಯನ್ನೂ ಹಾಗೆಯೇ: ಬಳೆ ಶಾಸ್ತ್ರದ ದಿನ ಬೇರೆ ಮೇಕಪ್ ಇಲ್ಲದಿದ್ದರೂ ನಿಮ್ಮ ಕಣ್ಣಲ್ಲಿ ಕಾಡಿಗೆ ಇದೆ. ಹೊರಗೆ ಎಳೆದ ಬಾಲವನ್ನೂ ಕೆಳಗೆ ಹರಡಿದ ಹೊಗೆಗಪ್ಪನ್ನೂ ತೆಗೆದು, ರೆಪ್ಪೆಯಂಚಿನ ತೆಳುಗೆರೆಯನ್ನು ಉಳಿಸಿ. ಮೇಲ್ರೆಪ್ಪೆಯ ಚಿನ್ನದ ಬಣ್ಣವನ್ನು ಕೆನ್ನೆಯ ಬಣ್ಣದಿಂದ ಮುಚ್ಚಬೇಡಿ. ನಿಮ್ಮ ರೆಪ್ಪೆಯ ಸಹಜ ಬಣ್ಣ ಕೆನ್ನೆಗಿಂತ ಕಂದು, ಕಣ್ಣಡಿಯೂ ಹಾಗೆಯೇ. ಕನ್ಸೀಲರ್ ತಿಳಿಯಾಗಿಸಿದ ಕಣ್ಣಡಿಗೆ ಆ ಕಂದನ್ನು ಅರ್ಧದಷ್ಟು ಮರಳಿ ಕೊಟ್ಟರೆ ಮುಖಕ್ಕೆ ಜೀವ ಬರುತ್ತದೆ. ಪೂರ್ತಿ ಕೊಟ್ಟರೆ ನಿದ್ದೆಗೆಟ್ಟವರಂತೆ ಕಾಣುತ್ತೀರಿ.

ಬೂದು ಲೆನ್ಸ್ ಸುಲಭ. Color ಮೋಡಿನ ಲೇಯರಿನಲ್ಲಿ ನಿಮ್ಮ ಕಂದು ಬಣ್ಣ ಬಳಿದು, Luminosity ಮೋಡಿನ Curves ಲೇಯರಿನಿಂದ ಕಣ್ಣಿನ ವೃತ್ತವನ್ನು ಕಪ್ಪಾಗಿಸಿ. ಲೆನ್ಸಿನ ಹೊರವೃತ್ತದಲ್ಲಿ ಅಚ್ಚಾದ ಕಪ್ಪು ಉಂಗುರವನ್ನು ಮರೆತರೆ ಕಂದು ಲೆನ್ಸ್ ಹಾಕಿದಂತಿರುತ್ತದೆ, ಅದನ್ನೂ ಮೆತ್ತಗೆ ಮಾಡಿ. ಕಣ್ಣಿನೊಳಗೆ ಕಾಣುವ ದೀಪದ ಬಿಂಬ ಆರತಕ್ಷತೆಯದೇ ಇರಲಿ. ಬಳೆ ಶಾಸ್ತ್ರದ ಕಣ್ಣನ್ನೇ ಕತ್ತರಿಸಿ ತಂದರೆ ಮಂಟಪದಲ್ಲಿ ನಿಂತವಳ ಕಣ್ಣಲ್ಲಿ ಮನೆಯ ಕಿಟಕಿ ಹೊಳೆಯುತ್ತದೆ.

ಇಷ್ಟು ಕೆಲಸ ಬೇಡವೆನಿಸಿದರೆ ಬಣ್ಣ, ತುಟಿ ಮತ್ತು ಲೆನ್ಸ್ ಮಾತ್ರ ಮಾಡಿ. ಕೊರತೆ ಹತ್ತಿರದಿಂದ ನೋಡುವವರಿಗಷ್ಟೇ ತಿಳಿಯುತ್ತದೆ, ಹಜಾರದ ಗೋಡೆಯನ್ನು ಯಾರೂ ಒಂದು ಗೇಣಿನಿಂದ ನೋಡುವುದಿಲ್ಲ. ಇನ್ನೊಂದು ದಾರಿ ಅದೇ ಸೀರೆ ಉಟ್ಟು ಮನೆಯ ಕಿಟಕಿ ಬಳಿ ಹೊಸ ಚಿತ್ರ ತೆಗೆಸುವುದು. ಮುಖ ಖಂಡಿತ ನಿಮ್ಮದಿರುತ್ತದೆ, ಆ ಸಂಜೆಯ ನಗು ಸಿಗದಿರಬಹುದು. ಯಾವ ದಾರಿ ಹಿಡಿದರೂ ಲೇಯರುಗಳಿರುವ ಫೈಲನ್ನು ಬೇರೆಯಾಗಿ ಉಳಿಸಿಡಿ, ಎಲ್ಲ ತಿದ್ದುಪಡಿಗಳನ್ನು ಒಂದು ಗುಂಪಿಗೆ ಹಾಕಿ ಅದರ Opacity ಇಳಿಸಿ ನೋಡಿ. ಅನೇಕ ಸಲ ಶೇಕಡಾ 80ರಲ್ಲಿ ಮುಖ ಸರಿಯಾಗಿ ಕೂರುತ್ತದೆ.

ಮುದ್ರಿಸುವ ಮುನ್ನ ಕೆನ್ನೆ, ಮೂಗು, ತುಟಿ ಇರುವಷ್ಟು ಭಾಗವನ್ನು ಕತ್ತರಿಸಿ, ದೊಡ್ಡ ಪ್ರಿಂಟಿನಲ್ಲಿ ಬರುವ ಗಾತ್ರದಲ್ಲೇ ಒಂದು ಚಿಕ್ಕ ಪ್ರಿಂಟ್ ತೆಗೆಸಿ ನೋಡಿ. 12×18 ಇಂಚಿಗೆ 300 ಡಿಪಿಐನಲ್ಲಿ 3600×5400 ಪಿಕ್ಸೆಲ್ ಬೇಕು, ನಿಮ್ಮ ಫೈಲು ಅಷ್ಟಿದೆ. ಕಾಗದ ಮ್ಯಾಟ್ ಇರಲಿ. ಸ್ಟುಡಿಯೊದವರು ಕ್ಯಾನ್ವಾಸ್ ಮಾಡಿಸಿ ಎಂದು ಒತ್ತಾಯಿಸಬಹುದು. ಕ್ಯಾನ್ವಾಸ್ ಬಟ್ಟೆಯ ನೇಯ್ಗೆ ರಂಧ್ರಗಳನ್ನು ನುಂಗಿಹಾಕುತ್ತದೆ, ಹಾಗಾಗಿ ಅದನ್ನೇ ಮಾಡಿಸುವುದಾದರೆ ಸೂಕ್ಷ್ಮ ವಿವರದ ಪದರಕ್ಕೆ ಕೈಹಾಕುವ ಅಗತ್ಯವೇ ಇಲ್ಲ.